ಮೇಷ್ಟ್ರ ಅಂಗಿಯ ಮೇಲೆ ಕಾಮನಬಿಲ್ಲು: ಮ್ವಾರೆ ತೆಗೆದ ನನ್ನ ಅನುಭವ

ನಿವೃತ್ತರಾಗುತ್ತಿದ್ದ ಮೇಷ್ಟ್ರೊಬ್ಬರ ಫೋಟೋ ಅದು. ಬೀಳ್ಕೊಡುಗೆ ದಿನ 12×18 ಇಂಚಿನ ಫ್ರೇಮ್ ಕೊಡಬೇಕು ಅಂತ ಶಾಲೆಯವರು ಹೇಳಿದ್ದರು. ಮೇಷ್ಟ್ರು ಹೊಸ ಅಂಗಿ ಹಾಕಿಕೊಂಡು ಸ್ಟುಡಿಯೋಗೆ ಬಂದರು. ದೂರದಿಂದ ನೋಡಿದರೆ ತಿಳಿನೀಲಿ. ಹತ್ತಿರ ಹೋದರೆ ಕೂದಲೆಳೆಯಷ್ಟು ಸಣ್ಣ ಗೆರೆಗಳು. ಹಾಸಿನಲ್ಲಿ ಒಂದು ನೂಲು ನೀಲಿ, ಪಕ್ಕದ್ದು ಬಿಳಿ. ಜೇಬಿನಲ್ಲಿ ಎಂದಿನಂತೆ ಕೆಂಪು ಪೆನ್ನು. ಬೆಳಕು ಚೆನ್ನಾಗಿತ್ತು, ಮುಖದಲ್ಲಿ ನಗು ಚೆನ್ನಾಗಿತ್ತು. ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು ಅಂದುಕೊಂಡೆ.

ರಾತ್ರಿ ಫೋಟೋಗಳನ್ನು ಆರಿಸಲು ಮೇಷ್ಟ್ರ ಮಗಳು ಬಂದರು. ಸ್ಕ್ರೀನ್ ನೋಡಿದ ಕೂಡಲೇ, "ಅಣ್ಣಾ, ಅಪ್ಪನ ಅಂಗಿ ಮೇಲೆ ಯಾಕೆ ಕಾಮನಬಿಲ್ಲು ಬಂದಿದೆ?" ಅಂದರು. ಎದೆಯ ಭಾಗದಲ್ಲಿ ಹಳದಿ, ನೇರಳೆ ಪಟ್ಟೆಗಳು ಸುತ್ತಿಕೊಂಡು ಹೋಗಿದ್ದವು. ತೋಳಿನ ಹೊರಗಿನ ಅಂಚಿನಲ್ಲಿ ಬಣ್ಣದ ಜೊತೆಗೆ ಕಪ್ಪು ಬಿಳಿ ಅಲೆಗಳು ಬೇರೆ.

ಮೊದಲು ನೋಡಬೇಕಾದ್ದು, ಇದು ಫೈಲ್‌ನಲ್ಲೇ ಇದೆಯೋ ಅಥವಾ ಸ್ಕ್ರೀನ್ ಮಾಡಿದ ಆಟವೋ ಅಂತ. ಫೋಟೋವನ್ನು ಸ್ಕ್ರೀನ್‌ಗೆ ಹೊಂದುವಂತೆ ಕುಗ್ಗಿಸಿ ನೋಡುವಾಗ ಇಲ್ಲದ ಅಲೆಗಳೂ ಕಾಣುತ್ತವೆ. ಜೂಮ್ ಸ್ವಲ್ಪ ಬದಲಿಸಿದರೆ ಅವು ಜಾಗ ಬದಲಿಸುತ್ತವೆ, ಇಲ್ಲವೇ ಮಾಯವಾಗುತ್ತವೆ. 100 ಪರ್ಸೆಂಟ್‌ನಲ್ಲಿ ನೋಡಿದಾಗಲೂ ಅಲ್ಲೇ ಕೂತಿದ್ದರೆ ಅದು ಫೈಲ್‌ನದ್ದೇ. ನನ್ನದು ಅಲ್ಲೇ ಕೂತಿತ್ತು.

ಸೊಳ್ಳೆ ಪರದೆಯನ್ನು ಎರಡು ಮಡಿಕೆ ಮಾಡಿ ಬೆಳಕಿಗೆ ಹಿಡಿದರೆ ಅಲೆ ಅಲೆಯಾಗಿ ಕಾಣುತ್ತದಲ್ವಾ, ಮ್ವಾರೆ ಅಂದರೆ ಅದೇ. ಇಲ್ಲಿ ಒಂದು ಪರದೆ ಬಟ್ಟೆಯ ನೇಯ್ಗೆ. ಇನ್ನೊಂದು ಕ್ಯಾಮೆರಾ ಸೆನ್ಸರ್‌ನ ಪಿಕ್ಸೆಲ್ ಜಾಲ. ಲೋ-ಪಾಸ್ ಫಿಲ್ಟರ್ ಇರುವ ಕ್ಯಾಮೆರಾ ಚಿತ್ರವನ್ನು ಒಂದು ಚೂರು ಮಸುಕು ಮಾಡಿಯೇ ಸೆನ್ಸರ್‌ಗೆ ಬಿಡುತ್ತದೆ. ಹಾಗಾಗಿ ತೊಂದರೆ ಕಡಿಮೆ. ನನ್ನದು ಆ ಫಿಲ್ಟರ್ ಇಲ್ಲದ 24 ಮೆಗಾಪಿಕ್ಸೆಲ್ ಕ್ಯಾಮೆರಾ.

ಇದರ ಲೆಕ್ಕ ನನಗೆ ಅರ್ಥವಾಗಿದ್ದು ಮೇಷ್ಟ್ರು ಅದೇ ಅಂಗಿಯಲ್ಲಿ ಮತ್ತೊಮ್ಮೆ ಬಂದಾಗ. ತೋಳಿನ ಮೇಲೆ ಸ್ಕೇಲ್ ಇಟ್ಟು ಎಣಿಸಿದೆ. (ಅವರು ಗಣಿತದ ಮೇಷ್ಟ್ರು, ಖುಷಿಯಿಂದಲೇ ಕೈ ಚಾಚಿದರು.) ಒಂದು ಸೆಂಟಿಮೀಟರ್‌ಗೆ 20 ನೀಲಿ ಗೆರೆ. ಫೋಟೋದ ಎತ್ತರ 6000 ಪಿಕ್ಸೆಲ್. ತಲೆಯಿಂದ ಸೊಂಟದವರೆಗೆ, ಸುಮಾರು ಒಂದು ಮೀಟರ್ ಅದರಲ್ಲಿ ಬಂದಿತ್ತು. ಅಂದರೆ ಬಟ್ಟೆಯ ಒಂದು ಸೆಂಟಿಮೀಟರ್‌ಗೆ 60 ಪಿಕ್ಸೆಲ್. ಒಂದು ಗೆರೆಯನ್ನೂ ಅದರ ಪಕ್ಕದ ಬಿಳಿಯನ್ನೂ ಬೇರೆ ಬೇರೆಯಾಗಿ ಹಿಡಿಯಲು ಕನಿಷ್ಠ ಎರಡು ಪಿಕ್ಸೆಲ್ ಬೇಕು. 20 ಗೆರೆಗೆ 40 ಆಯಿತು. 60 ಇದೆಯಲ್ಲ, ಸಾಕಲ್ವಾ?

ಸಾಲದು. ಸೆನ್ಸರ್‌ನ ಪ್ರತಿ ಪಿಕ್ಸೆಲ್ ಒಂದೇ ಬಣ್ಣ ನೋಡುತ್ತದೆ. ಕೆಂಪು ನೋಡುವ ಪಿಕ್ಸೆಲ್ ಇರುವುದು ಒಂದು ಕಂಬಸಾಲು ಬಿಟ್ಟು ಒಂದರಲ್ಲಿ, ನೀಲಿಯೂ ಹಾಗೆಯೇ. ಹಾಗಾಗಿ ಕೆಂಪಿಗೆ ಸಿಕ್ಕಿದ್ದು 30, ನೀಲಿಗೆ 30. ಹಸಿರು ಮಾತ್ರ ಪ್ರತಿ ಕಂಬಸಾಲಿನಲ್ಲೂ ಇರುತ್ತದೆ, ಅದಕ್ಕೆ 60 ಸಿಕ್ಕಿತು. ಎದೆಯ ಮೇಲೆ ಹಸಿರು ಸರಿಯಾಗಿ ನೋಡಿತು, ಕೆಂಪು ನೀಲಿ ಎರಡೂ ತಪ್ಪು ನೋಡಿದವು. ಆ ತಪ್ಪೇ ಬಣ್ಣದ ಪಟ್ಟೆ. ತೋಳಿನ ಅಂಚಿನಲ್ಲಿ ಬಟ್ಟೆ ಹಿಂದಕ್ಕೆ ತಿರುಗುತ್ತದೆ. ಅಲ್ಲಿ ಅದೇ 20 ಗೆರೆ ಅರ್ಧ ಜಾಗದಲ್ಲಿ ತುರುಕಿಕೊಂಡಿದ್ದವು. ಆಗ ಹಸಿರಿಗೂ ಸಿಕ್ಕಿದ್ದು 30 ಮಾತ್ರ. ಅದಕ್ಕೇ ಅಲ್ಲಿ ಕಪ್ಪು ಬಿಳಿ ಅಲೆ. ಹಾಗಾಗಿ ಒಂದೇ ಅಂಗಿಗೆ ಎರಡು ಬೇರೆ ಕಾಯಿಲೆ, ಎರಡು ಬೇರೆ ಔಷಧಿ.

ಎದೆಯ ಭಾಗ ಸುಲಭ. ಲೈಟ್‌ರೂಮ್‌ನಲ್ಲಿ ರಾ ಫೈಲ್ ತೆರೆದೆ. ಕ್ಲಾರಿಟಿ, ಟೆಕ್ಸ್‌ಚರ್ ಏರಿಸಿದ್ದನ್ನು ಮೊದಲು ಸೊನ್ನೆಗೆ ತಂದೆ, ಅವು ಪಟ್ಟೆಯನ್ನು ಇನ್ನೂ ಎತ್ತಿ ತೋರಿಸುತ್ತವೆ. `Moiré` ಸ್ಲೈಡರ್ ಇಡೀ ಫೋಟೋಗೆ ಸಿಗುವುದಿಲ್ಲ, ಮಾಸ್ಕ್ ಮಾಡಿದ ಮೇಲೆ ಅದರ ಒಳಗೆ ಸಿಗುತ್ತದೆ. ಬ್ರಷ್‌ನಲ್ಲಿ ಅಂಗಿಯ ಮೇಲೆಲ್ಲ ಬಳಿದು ಸ್ಲೈಡರನ್ನು 80ಕ್ಕೆ ಎಳೆದೆ. ಹಳದಿ ನೇರಳೆ ಹೆಚ್ಚುಕಡಿಮೆ ಹೋಯಿತು. ಆದರೆ ಜೇಬಿನ ಸುತ್ತ ತಿಳಿಗುಲಾಬಿ ಹರಡಿತ್ತು, ಸೋರುವ ಪೆನ್ನು ಇಟ್ಟುಕೊಂಡ ಹಾಗೆ. ಆ ಸ್ಲೈಡರ್ ಅಕ್ಕಪಕ್ಕದ ಬಣ್ಣಗಳನ್ನು ಅಗಲವಾಗಿ ಬೆರೆಸುತ್ತದೆ. ಮಾಸ್ಕ್ ಒಳಗೆ ಕೆಂಪು ಪೆನ್ನಿದ್ದರೆ ಅದರ ಬಣ್ಣವೂ ಬೆರೆಯುತ್ತದೆ. ಪೆನ್ನು, ಗುಂಡಿ, ಕಾಲರ್ ಪಕ್ಕದ ಕುತ್ತಿಗೆ, ಇವನ್ನೆಲ್ಲ ಮಾಸ್ಕ್‌ನಿಂದ ಅಳಿಸಿ, ಅಂಚಿನಿಂದ ಸ್ವಲ್ಪ ದೂರವೇ ಉಳಿದೆ. ಸ್ಲೈಡರನ್ನು 60ಕ್ಕೆ ಇಳಿಸಿದೆ. ಉಳಿದ ಚೂರುಪಾರು ಫೋಟೋಶಾಪ್‌ಗೆ ಬಿಟ್ಟೆ.

ಅಲ್ಲಿ ಖಾಲಿ ಲೇಯರ್ ಒಂದನ್ನು ಮಾಡಿ ಅದರ ಬ್ಲೆಂಡ್ ಮೋಡ್ `Color` ಇಟ್ಟೆ. ಈ ಲೇಯರ್‌ನಲ್ಲಿ ಬಳಿದರೆ ಬಣ್ಣ ಮಾತ್ರ ಬದಲಾಗುತ್ತದೆ, ನೂಲಿನ ಬೆಳಕು ನೆರಳು ಹಾಗೇ ಇರುತ್ತದೆ. ಆದರೆ ಯಾವ ಬಣ್ಣ ಬಳಿಯಬೇಕು? ಐಡ್ರಾಪರ್‌ನಲ್ಲಿ ಸುಮ್ನೆ ಒಂದು ಕಡೆ ಕ್ಲಿಕ್ ಮಾಡಿದರೆ ಒಂದೇ ಪಿಕ್ಸೆಲ್ ಬಣ್ಣ ಬರುತ್ತದೆ, ಅದು ನೀಲಿ ನೂಲೋ ಬಿಳಿಯೋ ದೇವರೇ ಬಲ್ಲ. `Sample Size` ಅನ್ನು `101 by 101 Average` ಮಾಡಿದೆ. ಇನ್ನೊಂದು ಅದೃಷ್ಟ ಏನೆಂದರೆ, ಅವತ್ತೇ ಎದೆಮಟ್ಟಕ್ಕೆ ಹತ್ತಿರದಿಂದ ತೆಗೆದ ಇನ್ನೊಂದು ಫ್ರೇಮ್ ಇತ್ತು. ಅದರಲ್ಲಿ ಒಂದೂ ಪಟ್ಟೆ ಇರಲಿಲ್ಲ. ಬೆಳಕು ಅದೇ, ಅಂಗಿ ಅದೇ. ಅಂಗಿಯ ನಿಜವಾದ ಬಣ್ಣವನ್ನು ಅಲ್ಲಿಂದಲೇ ತೆಗೆದುಕೊಂಡೆ. ಬೆಳಕಿನ ಕಡೆಗೆ ಒಂದು, ನೆರಳಿನ ಕಡೆಗೆ ಒಂದು, ಮಡಿಕೆಯೊಳಗೆ ಒಂದು. ಒಂದೇ ಬಣ್ಣ ಎಲ್ಲ ಕಡೆ ಬಳಿದರೆ ಅಂಗಿ ಪ್ಲಾಸ್ಟಿಕ್ ಬಕೆಟ್‌ನಂತೆ ಕಾಣುತ್ತದೆ. ಬ್ರಷ್‌ನ ಫ್ಲೋ 20 ಪರ್ಸೆಂಟ್ ಇಟ್ಟು ನಿಧಾನವಾಗಿ ಬಳಿದೆ.

ಬಣ್ಣ ಹೋದ ಮೇಲೂ ಎದೆಯ ಮೇಲೆ ಸಣ್ಣದೊಂದು ಕಲೆಕಲೆ ಉಳಿಯಿತು. ಚಾನೆಲ್ಸ್ ತೆರೆದು ಒಂದೊಂದನ್ನೇ ನೋಡಿದೆ. ಕೆಂಪಿನಲ್ಲಿ ಕಲೆ ಎದ್ದು ಕಾಣುತ್ತಿತ್ತು, ಹಸಿರು ಹೆಚ್ಚುಕಡಿಮೆ ಸ್ವಚ್ಛ. ಸ್ಕೇಲ್ ಹಿಡಿದು ಮಾಡಿದ ಲೆಕ್ಕವೂ ಇದನ್ನೇ ಹೇಳಿತ್ತು. ಹಾಗಿದ್ದರೆ ಬೆಳಕು ನೆರಳನ್ನು ಹಸಿರಿನಿಂದಲೇ ತೆಗೆದುಕೊಂಡರಾಯಿತು. `Channel Mixer` ಲೇಯರ್ ಹಾಕಿ, `Monochrome` ಟಿಕ್ ಮಾಡಿ, ಹಸಿರು 100, ಉಳಿದೆರಡು 0 ಇಟ್ಟೆ. ಬ್ಲೆಂಡ್ ಮೋಡ್ `Luminosity`. ಮಾಸ್ಕ್ ಎದೆಗೆ ಮಾತ್ರ. ಇದೇ ಲೇಯರ್ ಮುಖದ ಮೇಲೆ ಬಿದ್ದರೆ ಚರ್ಮ ಕಪ್ಪಾಗಿ ಕಾಣುತ್ತದೆ, ಮಾಸ್ಕ್ ಅಂಚು ಗಮನಿಸಲೇಬೇಕು. ಕಡುಗೆಂಪು ಅಂಗಿಗೂ ಈ ಉಪಾಯ ಒಗ್ಗದು, ಅಲ್ಲಿ ಹಸಿರು ಚಾನೆಲ್ ಹೆಚ್ಚುಕಡಿಮೆ ಕತ್ತಲೆಯೇ.

ತೋಳಿನ ಅಂಚು ನನ್ನ ಎರಡು ಸಂಜೆ ತಿಂದಿತು. ಅಲ್ಲಿ ಹಸಿರೂ ಕೆಟ್ಟಿತ್ತಲ್ಲ. ಮೊದಲ ದಿನ ಗಾಸಿಯನ್ ಬ್ಲರ್ 8 ಪಿಕ್ಸೆಲ್ ಹಾಕಿ, ಮೇಲೆ ಸ್ವಲ್ಪ ಗ್ರೇನ್ ಉದುರಿಸಿದೆ. ಸ್ಕ್ರೀನ್ ಮೇಲೆ ಪರವಾಗಿಲ್ಲ ಅನ್ನಿಸಿತು. ಟೆಸ್ಟ್ ಪ್ರಿಂಟ್ ತೆಗೆದಾಗ ತೋಳಿಗೆ ತೇಪೆ ಹಾಕಿದ ಹಾಗೆ ಕಂಡಿತು. ಎದೆಯಲ್ಲಿ ನೂಲು ಕಾಣುತ್ತದೆ, ತೋಳಿನಲ್ಲಿ ನೂಲೇ ಇಲ್ಲ. ಪ್ರಿಂಟ್ ಹರಿದು ಹಾಕಿದೆ.

ಎರಡನೇ ದಿನ ಅಲೆಯ ಅಗಲ ಅಳೆದೆ. ಒಂದು ಕಪ್ಪಿನಿಂದ ಮುಂದಿನ ಕಪ್ಪಿಗೆ ಸುಮಾರು 40 ಪಿಕ್ಸೆಲ್. ನೂಲಿನ ತರಿ ಎರಡು ಮೂರು ಪಿಕ್ಸೆಲ್. ಇಷ್ಟು ವ್ಯತ್ಯಾಸ ಇದ್ದರೆ ಎರಡನ್ನೂ ಬೇರೆ ಮಾಡಬಹುದು. ಪೋರ್ಟ್ರೇಟ್ ರೀಟಚಿಂಗ್ ಮಾಡುವವರು ಚರ್ಮಕ್ಕೆ ಬಳಸುವ ಫ್ರೀಕ್ವೆನ್ಸಿ ಸೆಪರೇಷನ್ನೇ ಇದು. ಅಲ್ಲಿಯವರೆಗೆ ಮಾಡಿದ್ದನ್ನೆಲ್ಲ ಒಂದೇ ಲೇಯರ್‌ಗೆ ಸೇರಿಸಿ, ಅದರ ಎರಡು ಪ್ರತಿ ಮಾಡಿದೆ. ಕೆಳಗಿನದಕ್ಕೆ 3 ಪಿಕ್ಸೆಲ್ ಗಾಸಿಯನ್ ಬ್ಲರ್. ಅಲೆ ಅದರಲ್ಲಿ ಉಳಿಯಿತು, ನೂಲು ಹೋಯಿತು. ಮೇಲಿನದನ್ನು ಆರಿಸಿಕೊಂಡು `Apply Image` ತೆರೆದೆ. ನನ್ನ ಫೈಲ್ 16 ಬಿಟ್ ಆಗಿದ್ದರಿಂದ ಕೆಳಗಿನ ಲೇಯರ್ ಆರಿಸಿ ಹೀಗೆ ಕೊಟ್ಟೆ:

```
Invert: on
Blending: Add
Scale: 2
Offset: 0
```

8 ಬಿಟ್ ಫೈಲ್ ಆದರೆ `Invert` ಬೇಡ, `Subtract`, `Scale` 2, `Offset` 128. ಆಮೇಲೆ ಮೇಲಿನ ಲೇಯರ್‌ನ ಮೋಡ್ `Linear Light`. ಎಲ್ಲ ಸರಿಯಿದ್ದರೆ ಫೋಟೋ ಮೊದಲು ಹೇಗಿತ್ತೋ ಹಾಗೇ ಕಾಣಬೇಕು. ಸ್ವಲ್ಪ ಬೇರೆ ಕಂಡರೂ ಎಲ್ಲೋ ನಂಬರ್ ತಪ್ಪಿದೆ ಅಂತ ಅರ್ಥ.

ಬ್ಲರ್ 3ರ ಬದಲು 10 ಇಟ್ಟಿದ್ದರೆ ಅಲೆಯೂ ಬಹುಪಾಲು ಮೇಲಿನ ಲೇಯರ್‌ಗೆ ಹೋಗಿಬಿಡುತ್ತಿತ್ತು, ಬೇರೆ ಮಾಡಿದ್ದೇ ವ್ಯರ್ಥವಾಗುತ್ತಿತ್ತು. ಚರ್ಮಕ್ಕೆ ಯಾರೋ ಹೇಳಿದ ನಂಬರನ್ನು ಬಟ್ಟೆಗೆ ಹಾಕಿದರೆ ಹೀಗಾಗುತ್ತದೆ.

ಈಗ ಕೆಳಗಿನ ಲೇಯರ್‌ನಲ್ಲಿ ಅಲೆ ಇರುವ ಜಾಗವನ್ನು ಲ್ಯಾಸೋದಿಂದ ಸುತ್ತುವರಿದೆ, ಫೆದರ್ 20. ಅದಕ್ಕೆ 25 ಪಿಕ್ಸೆಲ್ ಬ್ಲರ್. ಅಲೆ ಕರಗಿತು, ಮೇಲಿನ ಲೇಯರ್‌ನ ನೂಲು ಹಾಗೇ ಉಳಿಯಿತು. ತೋಳಿನ ಮಡಿಕೆಗಳನ್ನು ಮಾತ್ರ ಲ್ಯಾಸೋ ಒಳಗೆ ಸೇರಿಸಲಿಲ್ಲ. ಸೇರಿಸಿದರೆ ಮಡಿಕೆಯೂ ಅಲೆಯ ಜೊತೆ ಕರಗುತ್ತದೆ, ತೋಳು ಕೊಳವೆಯಂತಾಗುತ್ತದೆ. ಮಡಿಕೆಯ ಮೇಲೆ ಬಿದ್ದಿದ್ದ ಅಲೆಯನ್ನು ಅದೇ ಲೇಯರ್‌ನಲ್ಲಿ ಡಾಡ್ಜ್, ಬರ್ನ್ ಮಾಡಿ ಕೈಯಲ್ಲೇ ಸರಿಮಾಡಿದೆ. ಅಂಚಿನಲ್ಲಿ ಉಳಿದ ನೂಲಿನ ಗೆರೆ ನಿಜವಾದದ್ದಲ್ಲ, ಅದೂ ಸೆನ್ಸರ್ ತಪ್ಪಾಗಿ ಕಂಡದ್ದೇ. ಗೆರೆ ಸ್ವಲ್ಪ ಓರೆಯಾಗಿ ಓಡುತ್ತದೆ. ಅದನ್ನು ಸರಿಮಾಡಲು ಹೋಗಲಿಲ್ಲ, ಪ್ರಿಂಟ್‌ನಲ್ಲಿ ಯಾರೂ ಹಿಡಿಯಲಿಲ್ಲ.

ಫ್ರೇಮ್ ಕೊಟ್ಟಾಯಿತು. ಮರುದಿನ ಮಗಳ ಫೋನ್, "ವಾಟ್ಸಾಪ್‌ಗೆ ಕಳಿಸಿದ್ರಲ್ಲ, ಅದ್ರಲ್ಲಿ ಮತ್ತೆ ಬಂದಿದೆ ಅಣ್ಣಾ." ಫೋಟೋ ಕುಗ್ಗಿಸಿದಾಗ ಅದೇ 20 ಗೆರೆ ಮತ್ತೆ ಕಡಿಮೆ ಪಿಕ್ಸೆಲ್‌ಗೆ ಬೀಳುತ್ತವಲ್ಲ, ಅಲೆ ಹೊಸದಾಗಿ ಹುಟ್ಟುತ್ತದೆ. ಅಂಗಿಗೆ ಮಾತ್ರ 2 ಪಿಕ್ಸೆಲ್ ಬ್ಲರ್ ಹಾಕಿ, ಆಮೇಲೆ ಎತ್ತರವನ್ನು 1600 ಪಿಕ್ಸೆಲ್‌ಗೆ ಇಳಿಸಿ ಕಳಿಸಿದೆ. ಅಷ್ಟು ಚಿಕ್ಕ ಫೋಟೋದಲ್ಲಿ ನೂಲು ಹೇಗೂ ಕಾಣುವುದಿಲ್ಲ.

ಆ ಹತ್ತಿರದ ಫ್ರೇಮ್ ಯಾಕೆ ಸ್ವಚ್ಛವಾಗಿತ್ತು ಅಂತ ಲೆಕ್ಕ ಹಾಕಿದ್ದು ಆಮೇಲೆ. ಅದರಲ್ಲಿ ಬಂದಿದ್ದು ಸುಮಾರು 70 ಸೆಂಟಿಮೀಟರ್. 6000 ಭಾಗಿಸು 70 ಅಂದರೆ ಸೆಂಟಿಮೀಟರ್‌ಗೆ 85 ಪಿಕ್ಸೆಲ್. ಕೆಂಪಿಗೂ ನೀಲಿಗೂ 42ರ ಮೇಲೆ ಸಿಕ್ಕಿತು, ಬೇಕಾಗಿದ್ದು 40. ಈಗ ಸಣ್ಣ ಗೆರೆಯ ಅಂಗಿಯವರು ಬಂದರೆ ಒಂದು ಫೋಟೋ ತೆಗೆದು, ಕ್ಯಾಮೆರಾ ಹಿಂದೆಯೇ ಪೂರ್ತಿ ಜೂಮ್ ಮಾಡಿ ಎದೆ ನೋಡುತ್ತೇನೆ. ಬಣ್ಣ ಕಂಡರೆ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ಸೊಂಟದವರೆಗೆ ಬೇಕೇ ಬೇಕು ಅಂದರೆ f/5.6 ಬಿಟ್ಟು f/16ಕ್ಕೆ ಹೋಗಿ ಒಂದೆರಡು ಹೆಚ್ಚಿಗೆ ತೆಗೆದಿಟ್ಟುಕೊಳ್ಳುತ್ತೇನೆ. ಅಷ್ಟು ಸಣ್ಣ ಕಿಂಡಿಯಲ್ಲಿ ಲೆನ್ಸೇ ಚಿತ್ರವನ್ನು ತುಸು ಮೆತ್ತಗೆ ಮಾಡುತ್ತದೆ. ಕಣ್ರೆಪ್ಪೆಯೂ ಅದರ ಜೊತೆ ಮೆತ್ತಗಾಗುತ್ತದೆ, ಆದ್ದರಿಂದ ಮುಖ f/5.6ರದ್ದು, ಅಂಗಿ f/16ರದ್ದು. ಸ್ಟ್ಯಾಂಡ್ ಅಲುಗಾಡದಿದ್ದರೆ, ಕೂತವರು ಉಸಿರು ಹಿಡಿದರೆ, ಎರಡನ್ನೂ ಜೋಡಿಸುವುದು ಹತ್ತು ನಿಮಿಷದ ಕೆಲಸ.