ಸ್ಟೆಪ್ ರೆಸ್ಪಾನ್ಸ್ ಚೆನ್ನಾಗಿದ್ರೂ ಗುಂಡು ಮ್ಯಾಗ್ನೆಟ್‌ಗೆ ಅಂಟ್ಕೊಂಡಿದ್ದು ಯಾಕೆ

ಹೊಸೂರು ಸಿಪ್ಕಾಟ್ ಹತ್ರ ನಮ್ದೊಂದು ಸಣ್ಣ ವರ್ಕ್‌ಶಾಪ್ ಇದೆ, ಇಂಜಿನಿಯರಿಂಗ್ ಕಾಲೇಜುಗಳ ಕಂಟ್ರೋಲ್ ಲ್ಯಾಬ್‌ಗೆ ಕಿಟ್ ಮಾಡಿ ಕೊಡ್ತೀವಿ, ಅದ್ರಲ್ಲಿ ಜಾಸ್ತಿ ಕೇಳೋದು ಮ್ಯಾಗ್ನೆಟಿಕ್ ಲೆವಿಟೇಶನ್ ಕಿಟ್ಟು. ಮೇಲೊಂದು ಕಾಯಿಲ್, ಕೆಳಗೆ ಗಾಳೀಲಿ ನಿಲ್ಬೇಕಾದ ಸ್ಟೀಲ್ ಗುಂಡು, ಪಕ್ಕದಲ್ಲಿ ಗುಂಡು ಎಲ್ಲಿದೆ ಅಂತ ನೋಡೋ ಇನ್‌ಫ್ರಾರೆಡ್ ಸೆನ್ಸರ್, ಅಷ್ಟೇ. ಡೆಂಕಣಿಕೋಟೆ ಕಡೆಯ ಹುಡುಗ ಒಬ್ಬ ನಮ್ಮಲ್ಲಿ ಹೊಸದಾಗಿ ಸೇರಿದ್ದ, ಲೆಕ್ಕದಲ್ಲಿ ಜೋರು, ಇದಕ್ಕೊಂದು ಕಂಟ್ರೋಲರ್ ಡಿಸೈನ್ ಮಾಡಿ ಲ್ಯಾಪ್‌ಟಾಪ್ ತೋರಿಸ್ದ: "ಅಣ್ಣಾ, ಓವರ್‌ಶೂಟೇ ಇಲ್ಲ ನೋಡಿ." ಕಿಟ್‌ಗೆ ಹಾಕಿದ್ರೆ ಗುಂಡು ಕಣ್ಣು ಮಿಟುಕಿಸೋದ್ರೊಳಗೆ ಟಪ್ ಅಂತ ಮೇಲೆ ಹೋಗಿ ಕಾಯಿಲ್‌ಗೆ ಅಂಟ್ಕೊಳ್ತು, ಇನ್ನೊಂದ್ಸಲ ಕೆಳಗೆ ಬಿತ್ತು. ವೈರಿಂಗ್ ಲೂಸಾ, ಸೆನ್ಸರ್ ಕೆಟ್ಟಿದೆಯಾ ಅಂತ ಅವ್ನು ಹುಡುಕೋಕೆ ಶುರು ಮಾಡ್ದ. ನಾನು ಹಾರ್ಡ್‌ವೇರ್ ಮುಟ್ಟೋಕೆ ಹೋಗ್ಲಿಲ್ಲ, ಪೇಪರ್ ಕೇಳ್ದೆ.

ಈ ಗುಂಡಿನ ಸ್ವಭಾವ ಏನಂದ್ರೆ ಸ್ವಲ್ಪ ಮೇಲೆ ಸರಿದ್ರೆ ಎಳೆತ ಜಾಸ್ತಿ ಆಗಿ ಇನ್ನೂ ಮೇಲೆ ಹೋಗತ್ತೆ, ಕೆಳಗೆ ಸರಿದ್ರೆ ಎಳೆತ ಕಮ್ಮಿ ಆಗಿ ಬಿದ್ದೇ ಬೀಳತ್ತೆ. ಕಾಯಿಲ್‌ಗೆ ಕರೆಂಟ್ ಡ್ರೈವರ್ ಇದ್ರೆ, ಎಳೆತ `(i/x)²` ಲೆಕ್ಕದಲ್ಲಿ ಹೋಗತ್ತೆ ಅಂತ ಇಟ್ಕೊಂಡು ಲೀನಿಯರೈಸ್ ಮಾಡಿದ್ರೆ ಪೋಲ್‌ಗಳು `±sqrt(2g/x0)`ನಲ್ಲಿ ಬರ್ತವೆ. ನಮ್ಮ ಗ್ಯಾಪ್ 5 ಮಿಲಿಮೀಟರ್, ಹಾಗಾಗಿ ಸುಮಾರು ±62.6 ರೇಡಿಯನ್ ಪರ್ ಸೆಕೆಂಡ್, ಅಂದ್ರೆ 16 ಮಿಲಿಸೆಕೆಂಡ್‌ಗೊಂದ್ಸಲ ತಪ್ಪು 2.7 ಪಟ್ಟು ಬೆಳೆಯತ್ತೆ. ಮೈನಸ್ ಕಡೆ ಪೋಲ್‌ನ ಲೀಡ್ ಫಿಲ್ಟರ್‌ನಿಂದ ಮುಚ್ಚಬಹುದು, ಅದ್ರಲ್ಲಿ ಅಪಾಯ ಇಲ್ಲ. ಉಳಿಯೋದು ಪ್ಲಸ್ ಕಡೆದು. ಟೈಮ್‌ನ 16 ಮಿಲಿಸೆಕೆಂಡಿನ ಯೂನಿಟ್‌ನಲ್ಲಿ ಅಳೆದು, ಗೇನ್ ಸೈನ್ ಎಲ್ಲ ಸರಿ ಮಾಡ್ಕೊಂಡ್ರೆ ಅದು ಬರೀ `P = 1/(s-1)`.

ಹುಡುಗ ಮಾಡಿದ್ದು ಇಷ್ಟೇ, `C = (s-1)/s` ತಗೊಂಡಿದ್ದ. ಗುಣಿಸಿದ್ರೆ `s-1` ಹೊಡ್ದು ಹೋಗಿ `1/s` ಉಳಿಯತ್ತೆ, ಲೂಪ್ ಮುಚ್ಚಿದ್ರೆ `T = 1/(s+1)`, ಪರೀಕ್ಷೇಲಿ ಬರೆದ್ರೆ ಫುಲ್ ಮಾರ್ಕ್ಸ್ ಕೊಡೋ ಹಂಗಿದೆ. ರೆಫರೆನ್ಸ್‌ನಿಂದ ಔಟ್‌ಪುಟ್‌ಗೆ ನೋಡಿದ್ರೆ ಇದು ನಿಜವಾಗ್ಲೂ ಸ್ಟೇಬಲ್, ಅದ್ರಲ್ಲಿ ಸುಳ್ಳಿಲ್ಲ. ಆದ್ರೆ ಪ್ಲಾಂಟ್‌ನಲ್ಲಿ ಒಂದು ಸ್ಟೇಟ್, ಕಂಟ್ರೋಲರ್‌ನಲ್ಲಿ ಒಂದು ಸ್ಟೇಟ್, ಒಟ್ಟು ಎರಡಿರ್ಬೇಕು, `T`ನಲ್ಲಿ ಒಂದೇ ಪೋಲ್ ಕಾಣ್ತಿದೆ. ಇನ್ನೊಂದು ಎಲ್ಲಿ ಹೋಯ್ತು? ನಾನು ಮೊದಲು ನೋಡೋದೇ ಈ ಎಣಿಕೆ.

ಅವನ ಮುಂದೆನೇ ಸ್ಟೇಟ್ ಸಮೀಕರಣ ಬರೆದೆ. ಗುಂಡಿನ ಸ್ಟೇಟ್ `x`, ಇಂಟಿಗ್ರೇಟರ್ ಸ್ಟೇಟ್ `z`. `C` ಅಂದ್ರೆ `1 - 1/s`, ಹಾಗಾಗಿ `u = e - z`, `z' = e`, `e = r - x`. ಪ್ಲಾಂಟ್ `x' = x + u`. ಇವನ್ನ ಸೇರಿಸಿದ್ರೆ:

```
x' = r - z
z' = r - x
```

ಈಗ ಮೇಲಿನದ್ರಿಂದ ಕೆಳಗಿನದನ್ನ ಕಳೀರಿ. `w = x - z` ಅಂತ ಇಟ್ಕೊಂಡ್ರೆ `w' = w`, `r` ಮಾಯ! ರೆಫರೆನ್ಸ್‌ಗೆ ಏನೇ ಕೊಡಿ, ಸ್ಟೆಪ್ಪೋ ಸೈನೋ, ಅದು `w`ನ ಮುಟ್ಟೋದೇ ಇಲ್ಲ, ಸೊನ್ನೆಯಿಂದ ಶುರು ಆದ್ರೆ ಸೊನ್ನೇಲೇ ಇರತ್ತೆ, ಒಂದು ಕೂದಲೆಳೆ ಅಲ್ಲಾಡಿದ್ರೂ `e^t` ಲೆಕ್ಕದಲ್ಲಿ ಓಡತ್ತೆ. ಅದು ಔಟ್‌ಪುಟ್‌ನಲ್ಲಿ ಕಾಣಲ್ಲ ಅಂತಲ್ಲ, ಚೆನ್ನಾಗಿ ಕಾಣತ್ತೆ, ರೆಫರೆನ್ಸ್ ಕಡೆಯಿಂದ ಅದನ್ನ ಹಿಡಿಯೋಕಾಗಲ್ಲ ಅಷ್ಟೇ. ಪುಸ್ತಕದಲ್ಲಿ ಅನ್‌ಕಂಟ್ರೋಲಬಲ್ ಮೋಡ್ ಅಂತಾರಲ್ಲ, ಅದು ಇದೇನೇ. ಐಗನ್ ವ್ಯಾಲ್ಯೂ ಕೇಳಿದ್ರೆ ಕಂಪ್ಯೂಟರ್ರೂ ಬಚ್ಚಿಡಲ್ಲ:

```python
import numpy as np
A = np.array([[0, -1], [-1, 0]])
print(np.linalg.eigvals(A))   # +1, -1
```

ಹಾಗಾದ್ರೆ ಸಿಮ್ಯುಲೇಶನ್ ಯಾಕೆ ಒಳ್ಳೇದು ತೋರಿಸ್ತು ಅಂದ್ರೆ, ಅವ್ನು `minreal` ಹಾಕಿದ್ದ. ಅದು ಹತ್ರ ಹತ್ರ ಇರೋ ಪೋಲ್ ಝೀರೋ ಜೋಡೀನ ಕಿತ್ತು ಹಾಕೋದು, ಬಲಗಡೇದಾ ಎಡಗಡೇದಾ ಅಂತ ಕೇಳಲ್ಲ. ಹಾಕದೇ ಸೊನ್ನೆ ಇನಿಶಿಯಲ್ ಕಂಡಿಶನ್‌ನಿಂದ ಓಡಿಸಿದ್ರೂ ಮೋಸ ಹೋಗ್ಬಹುದು, ಯಾಕಂದ್ರೆ ರೌಂಡಿಂಗ್ ತಪ್ಪು `1e-16` ಆಸುಪಾಸಿನದು, ಅದು ಬೆಳೆದು 1 ಆಗೋಕೆ 37 ಯೂನಿಟ್ ಬೇಕು, ನಾವು ಗ್ರಾಫ್ ನೋಡೋದು ಐದಾರು ಯೂನಿಟ್‌ವರೆಗೆ.

ನಿಜವಾದ ಕಿಟ್‌ನಲ್ಲಿ ತಪ್ಪು ಅಷ್ಟು ಸಣ್ಣದಿರಲ್ಲ. ಗ್ಯಾಪ್ ಚೂರು ಬೇರೆ ಆಗಿ ಪ್ಲಾಂಟ್ ಪೋಲ್ 1ರ ಬದಲು 1.01 ಇದೆ ಅನ್ಕೊಳ್ಳಿ, ಶೇಕಡಾ ಒಂದು ವ್ಯತ್ಯಾಸ. ಕ್ಲೋಸ್ಡ್ ಲೂಪ್ ಸಮೀಕರಣ `s² - 0.01s - 1 = 0` ಆಗತ್ತೆ, ಒಂದು ಬೇರು 1.005. ಈಗ ಮೋಡ್ ರೆಫರೆನ್ಸ್‌ಗೂ ಸಿಗತ್ತೆ, ಸ್ಟೆಪ್ ರೆಸ್ಪಾನ್ಸ್‌ನಲ್ಲಿ ಸುಮಾರು 0.0025 ಅಳತೆಯ ಬೆಳೆಯೋ ತುಂಡು ಸೇರ್ಕೊಳ್ಳತ್ತೆ, 6 ಯೂನಿಟ್‌ನಲ್ಲಿ ಅದೇ ಸ್ಟೆಪ್ಪಿನಷ್ಟಾಗತ್ತೆ. 6 ಯೂನಿಟ್ ಅಂದ್ರೆ ಕಿಟ್‌ನಲ್ಲಿ ಒಂದು ಸೆಕೆಂಡಿನ ಹತ್ತನೇ ಒಂದು ಭಾಗ. ಹುಡುಗ ಇಲ್ಲಿ "ಹಾಗಾದ್ರೆ ಪೋಲ್‌ನ ಕರೆಕ್ಟಾಗಿ ಅಳೆದ್ರೆ ಆಯ್ತಲ್ಲಣ್ಣಾ" ಅಂದ. ಆಗಲ್ಲ. ಕರೆಕ್ಟಾಗೇ ಹೊಡ್ದು ಹೋದ್ರೂ ಫ್ಯಾನ್ ಗಾಳಿ, ಡ್ರೈವರ್‌ನ ಆಫ್‌ಸೆಟ್ಟು ಇವೆಲ್ಲ `r` ದಾರೀಲಿ ಬರಲ್ಲ, ಪ್ಲಾಂಟ್ ಬಾಗಿಲಿಗೇ ಬರ್ತವೆ, ಆಗ `w' = w + d`.

ಅದಕ್ಕೇ ನಾನು ಒಂದು ಟ್ರಾನ್ಸ್‌ಫರ್ ಫಂಕ್ಷನ್ ನೋಡಿ ಬಿಡಲ್ಲ, ನಾಲ್ಕೂ ನೋಡ್ತೀನಿ: `S = 1/(1+PC)`, `T = PC/(1+PC)`, `P/(1+PC)`, `C/(1+PC)`. ನಾಲ್ಕೂ ಸ್ಟೇಬಲ್ ಇದ್ರೆ ಮಾತ್ರ ಒಳಗೂ ಸ್ಟೇಬಲ್. ಇಲ್ಲಿ ಮೂರು ಪಾಸ್, ಮೂರನೇದಾಗಿ ಬರೆದಿರೋ `P/(1+PC)` ಮಾತ್ರ `s/((s+1)(s-1))`, ಅದಕ್ಕೆ ಸ್ಟೆಪ್ ಕೊಟ್ರೆ `sinh t`, 5 ಯೂನಿಟ್‌ಗೆ 74 ಪಟ್ಟು. ಉಲ್ಟಾ ಕೇಸೂ ಇದೆ, ಪ್ಲಾಂಟ್‌ನ ಬಲಗಡೆ ಝೀರೋನ ಕಂಟ್ರೋಲರ್‌ನ ಅನ್‌ಸ್ಟೇಬಲ್ ಪೋಲ್‌ನಿಂದ ಮುಚ್ಚೋದು, ಆಗ ಔಟ್‌ಪುಟ್ ಸಾಧುವಾಗಿ ಕೂತಿರತ್ತೆ, ಒಳಗೆ `u` ಏರ್ತಾ ಹೋಗಿ ಡ್ರೈವರ್ ಸ್ಯಾಚುರೇಟ್ ಆಗತ್ತೆ, ಅದು `C/(1+PC)`ನಲ್ಲಿ ಸಿಕ್ಕಿಬೀಳತ್ತೆ.

ಪೇಪರ್ ನೋಡೋಕೂ ಮುಂಚೆ ನಂಗೆ ಅನುಮಾನ ಬಂದಿದ್ದು "ಓವರ್‌ಶೂಟೇ ಇಲ್ಲ" ಅನ್ನೋ ಮಾತಿಗೆ. ಪ್ಲಾಂಟ್‌ನಲ್ಲಿ ಬಲಗಡೆ ಪೋಲ್ `p` ಇದ್ದು, ಬರೀ ಎರರ್ ಮೇಲೆ ಓಡೋ ಲೂಪ್ ನಿಜವಾಗ್ಲೂ ಒಳಗೂ ಸ್ಟೇಬಲ್ ಇದ್ರೆ, `S(p) = 0` ಆಗ್ಲೇಬೇಕು, ಅದ್ರಿಂದ `∫ e(t) e^(-pt) dt = 0` ಅಂತ ಬರತ್ತೆ. ಸ್ಟೆಪ್ ಕೊಟ್ಟಾಗ ಎರರ್ ಪ್ಲಸ್‌ನಿಂದ ಶುರು ಆಗತ್ತೆ, ಮೊತ್ತ ಸೊನ್ನೆ ಆಗ್ಬೇಕಂದ್ರೆ ಎಲ್ಲೋ ಒಂದ್ಕಡೆ ಮೈನಸ್‌ಗೆ ಹೋಗ್ಲೇಬೇಕು, ಅಂದ್ರೆ ಓವರ್‌ಶೂಟ್ ಆಗ್ಲೇಬೇಕು. ಇಂಥ ಪ್ಲಾಂಟ್‌ಗೆ ಓವರ್‌ಶೂಟ್ ಇಲ್ಲದ ಗ್ರಾಫ್ ಬಂದ್ರೆ ಒಳಗೆ ಏನೋ ಹೊಡ್ದು ಹಾಕಿದಾರೆ ಅಂತಾನೇ.

ಆಮೇಲೆ ಪೋಲ್‌ನ ಅದರ ಪಾಡಿಗೆ ಬಿಟ್ಟು ಬರೀ ಪಿಐ ಹಾಕ್ದೆ, `C = 3 + 1/s`. ಕ್ಯಾರೆಕ್ಟರಿಸ್ಟಿಕ್ `s(s-1) + 3s + 1 = (s+1)²`, ಸ್ಟೇಟ್ ಎರಡು, ಪೋಲ್ ಎರಡು, ಎಣಿಕೆ ಸರಿ ಹೋಯ್ತು. `P/(1+PC)` ಈಗ `s/(s+1)²`, ಪ್ಲಾಂಟ್ ಇನ್‌ಪುಟ್‌ಗೆ ಸ್ಟೆಪ್ ತಳ್ಳಿದ್ರೆ `t e^(-t)`, 0.37ಕ್ಕೆ ಏರಿ ವಾಪಸ್ ಸೊನ್ನೆಗೆ ಬರತ್ತೆ. ಕಿಟ್‌ನಲ್ಲೂ ಡ್ರೈವರ್ ಇನ್‌ಪುಟ್‌ಗೆ ಸಣ್ಣ ಆಫ್‌ಸೆಟ್ ತಳ್ಳಿ ನೋಡಿದ್ವಿ, ಗುಂಡು ಒಂದ್ಸಲ ಅದುರಿ ಜಾಗಕ್ಕೆ ಬಂತು. ರೆಫರೆನ್ಸ್ ಸ್ಟೆಪ್‌ಗೆ ಮಾತ್ರ `(3s+1)/(s+1)²`, ಲೆಕ್ಕದಲ್ಲಿ ಶೇಕಡಾ 45 ಓವರ್‌ಶೂಟು. ಹುಡುಗನ ಮುಖ ಸಪ್ಪಗಾಯ್ತು, ಅದಕ್ಕೆ ಲೂಪ್ ಹೊರಗೆ ರೆಫರೆನ್ಸ್ ದಾರೀಲಿ `1/(3s+1)` ಫಿಲ್ಟರ್ ಕೂರಿಸ್ದೆ. ಅಲ್ಲಿ ಹೊಡ್ದು ಹೋಗೋದು -1/3ರ ಸ್ಟೇಬಲ್ ಜೋಡಿ, ಅದೂ ಲೂಪ್ ಹೊರಗೆ, ಉಳಿದದ್ದು ತಾನಾಗೇ ಸಾಯತ್ತೆ. ರೆಫರೆನ್ಸ್‌ಗೆ ಈಗ `1/(s+1)²`, ಓವರ್‌ಶೂಟ್ ಇಲ್ಲ, ಅವ್ನು ಕೇಳಿದ್ದೂ ಸಿಕ್ತು. ಲೂಪ್ ಒಳಗಿನ ನಾಲ್ಕು ಹಾಗೇ ಇವೆ, ಫಿಲ್ಟರ್ ಅವನ್ನ ಮುಟ್ಟಲ್ಲ, ಕಾಲೇಜಿಗೆ ಕಳಿಸೋ ಮ್ಯಾನ್ಯುಯಲ್‌ನಲ್ಲಿ ಎರಡೂ ಡಿಸೈನ್‌ನ ಅಕ್ಕಪಕ್ಕ ಹಾಕಿ `d` ತಳ್ಳೋಕೆ ಒಂದು ಬಿಎನ್‌ಸಿ ಸಾಕೆಟ್ಟೂ ಬೋರ್ಡ್‌ನಲ್ಲಿ ಕೊಟ್ಟಿದೀವಿ.