ನಾಲ್ಕೂ ಟೈರ್ ಬದಲಿಸಬೇಕೇ, ಎರಡು ಸಾಕೇ? ಅಂಗಡಿಯವರ ಮಾತನ್ನು ಅಳೆಯುವ ಬಗೆ

‘ಮುಂದಿನ ಎರಡು ಮುಗಿದಿವೆ ಸಾರ್. ಹೇಗೂ ಬಿಚ್ಚುತ್ತಿದ್ದೇವೆ, ನಾಲ್ಕೂ ಹಾಕಿಸಿಬಿಡಿ.’ ಮಳೆಗಾಲಕ್ಕೆ ಮೊದಲು ಕಾರನ್ನು ಟೈರ್ ಅಂಗಡಿಗೆ ಒಯ್ದವರಿಗೆ ಈ ಸಲಹೆ ಹೊಸದಲ್ಲ. ಅದು ಕೆಲವೊಮ್ಮೆ ನೂರಕ್ಕೆ ನೂರು ಸರಿ, ಕೆಲವೊಮ್ಮೆ ಬರೀ ವ್ಯಾಪಾರ. ಯಾವಾಗ ಯಾವುದು ಎಂದು ತಿಳಿಯಬೇಕಾದರೆ ಸವೆದ ಟೈರ್‌ಗಳನ್ನು ನೋಡುತ್ತಾ ನಿಲ್ಲಬೇಡಿ. ಅವು ಹೋಗಲೇಬೇಕು, ಅದರಲ್ಲಿ ತಕರಾರಿಲ್ಲ. ತೀರ್ಮಾನವಾಗಬೇಕಿರುವುದು ಚೆನ್ನಾಗಿ ಕಾಣುತ್ತಿರುವ ಇನ್ನೆರಡರ ಭವಿಷ್ಯ. ಆದ್ದರಿಂದ ಪರೀಕ್ಷೆ ಶುರುವಾಗಬೇಕಾದದ್ದು ಅಲ್ಲಿಂದ.

ಮೊದಲು ಅಳತೆ ಕೇಳಿ

‘ಅರ್ಧ ಹೋಗಿದೆ’, ‘ಇನ್ನು ಸ್ವಲ್ಪ ದಿನ’ ಎಂಬ ಮಾತುಗಳಿಗೆ ಒಪ್ಪಬೇಡಿ. ಟೈರ್‌ನ ಗೀರುಗಳ ಆಳ ಎಷ್ಟು ಮಿಲಿಮೀಟರ್ ಉಳಿದಿದೆ ಎಂದು ಕೇಳಿ. ಅದನ್ನು ಅಳೆಯುವ ಪುಟ್ಟ ಗೇಜ್ ಅಂಗಡಿಯಲ್ಲಿ ಇದ್ದೇ ಇರುತ್ತದೆ. ಪ್ರತಿ ಟೈರ್‌ನಲ್ಲೂ ಒಳಅಂಚು, ನಡುಭಾಗ, ಹೊರಅಂಚು ಹೀಗೆ ಮೂರು ಕಡೆ ಅಳೆಸಿ. ಎಲ್ಲಕ್ಕಿಂತ ಕಡಿಮೆ ಬಂದ ಅಂಕಿಯೇ ಆ ಟೈರ್‌ನ ಲೆಕ್ಕ.

ಹೊಸ ಕಾರ್ ಟೈರ್‌ನಲ್ಲಿ ಸಾಮಾನ್ಯವಾಗಿ 7ರಿಂದ 8 ಮಿ.ಮೀ. ಆಳವಿರುತ್ತದೆ. ಕಾನೂನಿನ ಪ್ರಕಾರ ಕನಿಷ್ಠ 1.6 ಮಿ.ಮೀ. ಇರಬೇಕು. ಗೀರುಗಳ ತಳದಲ್ಲಿ ಅಡ್ಡಲಾಗಿ ಕಾಣುವ ಸಣ್ಣ ರಬ್ಬರ್ ಉಬ್ಬುಗಳ ಎತ್ತರವೂ ಅಷ್ಟೇ. ಸುತ್ತಲಿನ ರಬ್ಬರ್ ಸವೆದು ಉಬ್ಬಿನ ಮಟ್ಟಕ್ಕೆ ಬಂತೆಂದರೆ ಟೈರ್ ಮುಗಿಯಿತು. ಆದರೆ ಒದ್ದೆ ರಸ್ತೆಯ ಹಿಡಿತ ಅದಕ್ಕಿಂತ ಎಷ್ಟೋ ಮೊದಲೇ ಕುಸಿದಿರುತ್ತದೆ. ಹಾಗಾಗಿ ಆಗುಂಬೆ, ಚಾರ್ಮಾಡಿಯಂಥ ಘಾಟಿಗಳಲ್ಲಿ ಮಳೆಯಲ್ಲೇ ಓಡಾಡುವವರು 3 ಮಿ.ಮೀ.ಗೆ ಬಂದಾಗಲೇ ಬದಲಿಸುವುದು ಒಳ್ಳೆಯದು.

ಒಂದು ಲೆಕ್ಕ

ಮುಂದಿನ ಚಕ್ರಗಳಿಗೆ ಎಂಜಿನ್ ಬಲ ಹೋಗುವ ಒಂದು ಸಾಧಾರಣ ಹ್ಯಾಚ್‌ಬ್ಯಾಕ್ ಎಂದುಕೊಳ್ಳಿ. ನಾಲ್ಕು ವರ್ಷದಲ್ಲಿ 38,000 ಕಿ.ಮೀ. ಓಡಿದೆ, ಟೈರ್‌ಗಳನ್ನು ಹಿಂದೆಮುಂದೆ ಅದಲುಬದಲು ಮಾಡಿಯೇ ಇಲ್ಲ. ಮುಂದಿನ ಟೈರ್‌ಗಳಲ್ಲಿ 2.2 ಮಿ.ಮೀ., ಹಿಂದಿನವುಗಳಲ್ಲಿ 5 ಮಿ.ಮೀ. ಉಳಿದಿದೆ. ಎಂಜಿನ್ನಿನ ಎಳೆತ, ಸ್ಟಿಯರಿಂಗ್, ಬ್ರೇಕಿನ ದೊಡ್ಡ ಪಾಲು ಎಲ್ಲವನ್ನೂ ಹೊರುವುದು ಮುಂದಿನ ಜೋಡಿಯೇ ಆದ್ದರಿಂದ ಇಷ್ಟು ವ್ಯತ್ಯಾಸ ಸಹಜ. ಅಂಗಡಿಯವರು ನಾಲ್ಕೂ ಬದಲಿಸಿ ಎನ್ನುತ್ತಾರೆ.

8 ಮಿ.ಮೀ.ನಿಂದ ಆರಂಭಿಸಿದರೆ ಮುಂದಿನವು 5.8 ಮಿ.ಮೀ. ಸವೆದಿವೆ, ಅಂದರೆ ಸಾವಿರ ಕಿಲೋಮೀಟರಿಗೆ ಸುಮಾರು 0.15 ಮಿ.ಮೀ. ಎರಡೇ ಕೊಂಡರೆ ಹೊಸ ಜೋಡಿ ಹಿಂದಕ್ಕೆ ಹೋಗಬೇಕು, ಏಕೆಂಬುದು ಮುಂದೆ ಬರುತ್ತದೆ. ಹಾಗೆ ಹಿಂದಿನ ಜೋಡಿಯನ್ನು ಮುಂದಕ್ಕೆ ತಂದರೆ ಅದೂ ಹೆಚ್ಚುಕಡಿಮೆ ಇದೇ ವೇಗದಲ್ಲಿ ಸವೆಯುತ್ತದೆ. 5ರಿಂದ 3 ಮಿ.ಮೀ.ಗೆ ಇಳಿಯಲು ಸುಮಾರು 13,000 ಕಿ.ಮೀ. ಬೇಕು. ಈ ಮಾಲೀಕರ ಓಡಾಟದಲ್ಲಿ ಅದು ಒಂದು ವರ್ಷಕ್ಕಿಂತ ಹೆಚ್ಚು. ಕಾನೂನಿನ ಗೆರೆ ಮುಟ್ಟಲು ಇನ್ನೂ 9,000 ಕಿ.ಮೀ. ಇರುತ್ತದೆ. ಬಳಸಬಹುದಾದ ರಬ್ಬರಿನಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿರುವ ಎರಡು ಟೈರ್‌ಗಳನ್ನು ಎಕ್ಸ್‌ಚೇಂಜ್ ಹೆಸರಿನಲ್ಲಿ ಪುಡಿಗಾಸಿಗೆ ಕೊಟ್ಟು ಬರುವುದು ಶುದ್ಧ ನಷ್ಟ. ಇಲ್ಲಿ ಎರಡೇ ಸಾಕು.

ಇದೇ ಕಾರಿನ ಹಿಂದಿನ ಟೈರ್‌ಗಳಲ್ಲಿ 3.2 ಮಿ.ಮೀ. ಇದ್ದಿದ್ದರೆ? ಮುಂದಕ್ಕೆ ತಂದ ಕೆಲವೇ ತಿಂಗಳಲ್ಲಿ ಅವು 3ರ ಕೆಳಗಿಳಿದು, ಮತ್ತೆ ಅದೇ ಅಂಗಡಿ, ಮತ್ತೆ ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಖರ್ಚು. ಆಗ ಅಂಗಡಿಯವರ ಮಾತೇ ಸರಿ.

ಹುಟ್ಟಿದ ವಾರ ನೋಡಿ

ಆಳ ಎಷ್ಟೇ ಇರಲಿ, ರಬ್ಬರಿಗೆ ವಯಸ್ಸಾಗುತ್ತದೆ. ಕಡಿಮೆ ಓಡಿದ ಕಾರುಗಳಲ್ಲಿ ಮೋಸ ಹೋಗುವುದು ಇಲ್ಲೇ. ಟೈರ್‌ನ ಪಕ್ಕದ ಗೋಡೆಯಲ್ಲಿ, ಉದ್ದದ ಸಂಕೇತ ಸಾಲಿನ ಕೊನೆಗೆ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಒಂದು ಬದಿಯಲ್ಲಿ ಕಾಣದಿದ್ದರೆ ಒಳಬದಿಯಲ್ಲಿ ಹುಡುಕಿ. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಬಿಚ್ಚಿ ಪರೀಕ್ಷಿಸಬೇಕು. ಹತ್ತು ವರ್ಷವಾದದ್ದು ಎಷ್ಟೇ ಚೆನ್ನಾಗಿ ಕಂಡರೂ ಬೇಡ. ನಡುವಿನ ವಯಸ್ಸಿನಲ್ಲಿ ಪಕ್ಕದ ಗೋಡೆಯ ಬಿರುಕು ಅಥವಾ ಉಬ್ಬು ಕಂಡರೆ ಬದಲಿಸಿ. ಬಿಸಿಲಿಗೆ ಸದಾ ಮೈಯೊಡ್ಡಿ ನಿಂತ ಕಾರುಗಳಲ್ಲಿ ಈ ಬಿರುಕು ಬೇಗ ಬರುತ್ತದೆ.

ನಿಮ್ಮದು ನಾಲ್ಕು ಚಕ್ರ ಚಾಲನೆಯೇ?

ನಾಲ್ಕೂ ಬದಲಿಸಿ ಎಂಬ ಮಾತಿಗೆ ಯಂತ್ರದ ಕಾರಣವೇ ಇರುವುದು ಈ ವಾಹನಗಳಲ್ಲಿ. ಹೊಸ ಟೈರಿಗೂ ಹಳೆಯದಕ್ಕೂ ಆಳದಲ್ಲಿ 5 ಮಿ.ಮೀ. ಅಂತರವಿದ್ದರೆ ಸುತ್ತಳತೆಯಲ್ಲಿ ಸುಮಾರು 31 ಮಿ.ಮೀ. ವ್ಯತ್ಯಾಸ ಬರುತ್ತದೆ. ಹಿಂದಿನ ಮತ್ತು ಮುಂದಿನ ಆಕ್ಸಲ್‌ಗಳು ಬೇರೆ ಬೇರೆ ವೇಗದಲ್ಲಿ ತಿರುಗುತ್ತವೆ. ಸದಾ ನಾಲ್ಕೂ ಚಕ್ರ ಓಡಿಸುವ ಅಥವಾ ಬೇಕಾದಾಗ ತಾನಾಗಿ ಜೋಡಿಸಿಕೊಳ್ಳುವ ವ್ಯವಸ್ಥೆಯಲ್ಲಿ ನಡುವಿನ ಕಪ್ಲಿಂಗ್ ಇದನ್ನು ಚಕ್ರ ಜಾರುತ್ತಿದೆ ಎಂದು ತಿಳಿದು ಸುಮ್ಮನೆ ದುಡಿದು ಬಿಸಿಯಾಗುತ್ತದೆ. ಅದರ ರಿಪೇರಿ ಎರಡು ಟೈರ್‌ಗಳ ಬೆಲೆಯನ್ನು ಸುಲಭವಾಗಿ ಮೀರಿಸುತ್ತದೆ. ಎಷ್ಟು ವ್ಯತ್ಯಾಸ ನಡೆಯುತ್ತದೆ ಎಂಬುದನ್ನು ಕಾರಿನ ಮಾಲೀಕರ ಕೈಪಿಡಿಯಲ್ಲಿ ನೋಡಿ. ಥಾರ್, ಜಿಮ್ನಿಯಂತೆ ಲಿವರ್‌ನಿಂದ ಜೋಡಿಸುವ ವಾಹನಗಳಲ್ಲಿ ಎರಡು ಚಕ್ರದ ಚಾಲನೆಯಲ್ಲಿರುವಾಗ ಈ ತೊಂದರೆಯಿಲ್ಲ.

ನಮ್ಮಲ್ಲಿ ಹೆಚ್ಚಿನ ಕಾರುಗಳಿಗೆ ಚಾಲನೆ ಎರಡೇ ಚಕ್ರಗಳಲ್ಲಿ. ಅಂಥ ಕಾರಿಗೆ ‘ಗೇರ್‌ಬಾಕ್ಸ್ ಹಾಳಾಗುತ್ತದೆ’ ಎಂದು ಹೆದರಿಸಿದರೆ ಆ ಅಂಗಡಿಯ ಉಳಿದ ಮಾತುಗಳನ್ನೂ ಅನುಮಾನದಿಂದಲೇ ಕೇಳಿ. ಒಂದೇ ಆಕ್ಸಲ್‌ನ ಎಡಬಲ ಟೈರ್‌ಗಳು ಮಾತ್ರ ಒಂದೇ ಕಂಪನಿ, ಒಂದೇ ಮಾದರಿ, ಹತ್ತಿರದ ಆಳದವಾಗಿರಬೇಕು.

ಹೊಸ ಜೋಡಿ ಎಲ್ಲಿಗೆ?

ಎರಡೇ ಕೊಳ್ಳುವುದಾದರೆ ಅಂಗಡಿಯ ಹುಡುಗರು ಹೊಸದನ್ನು ಮುಂದಕ್ಕೇ ಹಾಕಲು ಹೊರಡುವುದುಂಟು. ‘ಎಳೆಯುವುದು ಮುಂದಿನ ಚಕ್ರ ತಾನೇ’ ಎಂಬುದು ಅವರ ವಾದ. ಕೇಳಲು ಸರಿಯೆನಿಸುವ ಈ ವಾದ ಮಳೆಯಲ್ಲಿ ಕೈಕೊಡುತ್ತದೆ. ನಿಂತ ನೀರಿನ ಮೇಲೆ ಮುಂದಿನ ಚಕ್ರ ಜಾರಿದರೆ ಸ್ಟಿಯರಿಂಗ್ ಹಗುರಾಗಿ ಚಾಲಕನಿಗೆ ಸುಳಿವು ಸಿಗುತ್ತದೆ, ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಹಿಡಿತ ಸಾಮಾನ್ಯವಾಗಿ ಮರಳುತ್ತದೆ. ಹಿಂದಿನದು ಜಾರಿದರೆ ಕಾರಿನ ಬಾಲವೇ ತಿರುಗುತ್ತದೆ, ಅದನ್ನು ಹಿಡಿದು ನಿಲ್ಲಿಸುವುದು ಸಾಧಾರಣ ಚಾಲಕರಿಂದ ಆಗದ ಮಾತು. ಆದ್ದರಿಂದ ಆಳ ಹೆಚ್ಚಿರುವ ಜೋಡಿ ಹಿಂದೆ, ಹಳೆಯದು ಮುಂದೆ. ಟೈರ್ ಕಂಪನಿಗಳು ಹೇಳುವುದೂ ಇದನ್ನೇ. ಅದಲುಬದಲಿಗೆ ಕೂಲಿ ಎಷ್ಟೆಂದು ಮೊದಲೇ ಕೇಳಿಟ್ಟುಕೊಳ್ಳಿ.

ಸವೆದ ಜೋಡಿಯನ್ನು ಎಸೆಯುವ ಮುನ್ನ ಒಮ್ಮೆ ನೋಡಿ. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿರುವ ಸಾಧ್ಯತೆ ಹೆಚ್ಚು. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ನಡುಭಾಗ ಸವೆದಿದ್ದರೆ ಗಾಳಿ ಹೆಚ್ಚು. ಅಲ್ಲಲ್ಲಿ ಹಳ್ಳ ಬಿದ್ದಂತಿದ್ದರೆ ಶಾಕ್ ಅಬ್ಸಾರ್ಬರ್ ತೋರಿಸಿ. ಕಾರಣ ಸರಿಪಡಿಸದೆ ನಾಲ್ಕಲ್ಲ, ಎಂಟು ಟೈರ್ ಹಾಕಿಸಿದರೂ ಅದೇ ಗತಿ.

ಕೊನೆಗೆ, ಕೊಳ್ಳುವ ಹೊಸ ಟೈರ್‌ಗಳ ತಯಾರಿಕೆಯ ವಾರವನ್ನೂ ಜೋಡಿಸುವ ಮೊದಲೇ ಓದಿ. ಎರಡು ವರ್ಷ ಗೋದಾಮಿನಲ್ಲಿ ಕುಳಿತ ಸರಕನ್ನು ಹೊಸದರ ಬೆಲೆಗೆ ಕೊಡುವ ಅಂಗಡಿಗಳೂ ಇವೆ. ಬೇರೆ ದಾಸ್ತಾನು ತರಿಸಿ ಎನ್ನಲು ಸಂಕೋಚ ಬೇಡ.