ಸಹಾಯವಾಣಿ ನಂಬರ್ ಬದಲಾದಾಗ ನಾಲ್ಕು ಸಾಲಿನ ಸೂಚನೆ ಬರೆಯುವುದು ಹೇಗೆ?

ಕಳೆದ ಮಳೆಗಾಲದಲ್ಲಿ ನಮ್ಮ ಮನೆ ಹತ್ತಿರ ಕರೆಂಟ್ ಲೈನ್ ಮೇಲೆ ಮರ ಬಿತ್ತು. ಪಕ್ಕದ ಮನೆಯ ಅಜ್ಜಿ ಕ್ಯಾಲೆಂಡರ್ ಪಕ್ಕ ಬರೆದಿಟ್ಟಿದ್ದ ಸಹಾಯವಾಣಿ ನಂಬರ್‌ಗೆ ಮತ್ತೆ ಮತ್ತೆ ಫೋನ್ ಮಾಡಿದರು. ಯಾರೂ ಎತ್ತಲಿಲ್ಲ. ಆ ನಂಬರ್ ಬದಲಾಗಿತ್ತು. ಸೂಚನೆ ವಾಟ್ಸಾಪ್‌ನಲ್ಲಿ ಬಂದಿತ್ತು, ಆದರೆ ಅದರಲ್ಲಿ 'ನಾಳೆಯಿಂದ' ಎಂದಷ್ಟೇ ಇತ್ತು. ಯಾವ ನಾಳೆ? ಒಬ್ಬರಿಂದ ಒಬ್ಬರಿಗೆ ದಾಟಿ ಬರುವ ಸಂದೇಶದಲ್ಲಿ ಆ ಪದಕ್ಕೆ ಅರ್ಥವೇ ಇರುವುದಿಲ್ಲ.

ಹಾಗಾಗಿ ಮೊದಲು ತಾರೀಖು ಗಟ್ಟಿ ಮಾಡಿಕೊಳ್ಳಿ. ದಿನಾಂಕ, ವಾರ, ಗಂಟೆ ಮೂರೂ ಇರಲಿ. 'ಜೂನ್ 1, ಸೋಮವಾರ ಮಧ್ಯರಾತ್ರಿ' ಎಂದರೆ ಭಾನುವಾರ ಮಲಗುವ ಹೊತ್ತೋ, ಸೋಮವಾರ ಮಲಗುವ ಹೊತ್ತೋ ಗೊತ್ತಾಗುವುದಿಲ್ಲ. 'ಬೆಳಿಗ್ಗೆ 6 ಗಂಟೆಯಿಂದ' ಎಂದರೆ ಗೊಂದಲವಿಲ್ಲ.

ಆಮೇಲೆ ಹೊಸ ನಂಬರ್ ಮೇಲೆ ಬರೆಯಿರಿ, ಹಳೆಯದು ಕೆಳಗೆ. ಗಡಿಬಿಡಿಯಲ್ಲಿ ಓದುವವರು ಮೊದಲು ಕಂಡ ನಂಬರನ್ನೇ ಒತ್ತುತ್ತಾರೆ, ಅಲ್ವಾ? ಹಳೆಯದರ ಮೇಲೆ ಗೆರೆ ಎಳೆದು ಸುಮ್ಮನಾಗಬೇಡಿ. ಬೇರೆ ಕಡೆ ಕಾಪಿ ಮಾಡಿದಾಗ ಆ ಗೆರೆ ಅಳಿಸಿಹೋಗಬಹುದು. ಆಗ ಎರಡು ನಂಬರ್ ಮಾತ್ರ ಉಳಿಯುತ್ತವೆ, ಯಾವುದು ಯಾವುದೆಂದು ತಿಳಿಯುವುದಿಲ್ಲ. 'ಹಳೆಯದು' ಎಂದು ಅಕ್ಷರದಲ್ಲೇ ಬರೆಯಿರಿ. ಅದು ಎಂದಿನವರೆಗೆ ನಡೆಯುತ್ತದೆ ಎನ್ನುವುದೂ ಇರಲಿ.

ತೀರ್ಥಹಳ್ಳಿ ತಾಲ್ಲೂಕಿಗೆ ಒಂದು ಮಾದರಿ ಹೀಗಿರಬಹುದು. ನಂಬರ್‌ಗಳು ಉದಾಹರಣೆಗೆ ಮಾತ್ರ:

ಮಳೆಗಾಲದ ಸಹಾಯವಾಣಿ ನಂಬರ್ ಬದಲಾಗುತ್ತಿದೆ
ಹೊಸ ನಂಬರ್: 08181-000456
2026 ಜೂನ್ 1, ಸೋಮವಾರ ಬೆಳಿಗ್ಗೆ 6 ಗಂಟೆಯಿಂದ
ಹಳೆಯ ನಂಬರ್ 08181-000123 ಜೂನ್ 30, ಮಂಗಳವಾರ ರಾತ್ರಿ 10ರವರೆಗೆ ಮಾತ್ರ

ಇಲ್ಲಿ 08181 ಬಿಡದೆ ಬರೆದಿದ್ದೇವೆ ನೋಡಿ. ಲ್ಯಾಂಡ್‌ಲೈನ್ ನಂಬರ್‌ಗೆ ಮೊಬೈಲ್‌ನಿಂದ ಫೋನ್ ಮಾಡುವಾಗ ಎಸ್‌ಟಿಡಿ ಕೋಡ್ ಬೇಕೇ ಬೇಕು. ಸಾಗರದ್ದು 08183, ಶಿವಮೊಗ್ಗದ್ದು 08182. ಕೊನೆಯ ಆರು ಅಂಕಿ ಮಾತ್ರ ಹಾಕಿದರೆ ಕರೆ ಹೋಗುವುದಿಲ್ಲ.

ಪೋಸ್ಟರ್ ಚಿತ್ರದ ಜೊತೆಗೆ ಇದೇ ಸಾಲುಗಳನ್ನು ಕೆಳಗೆ ಟೈಪ್ ಮಾಡಿ ಹಾಕಿ. ಮಳೆ ಜಾಸ್ತಿಯಾಗಿ ನೆಟ್‌ವರ್ಕ್ ಕೈಕೊಟ್ಟಾಗ ಚಿತ್ರ ತೆರೆಯದಿದ್ದರೂ ಅಕ್ಷರ ಬಂದಿರುತ್ತದೆ. ನಂಬರ್ ಟೈಪ್ ಮಾಡಿದ್ದರೆ ಅದನ್ನೇ ಒತ್ತಿ ಫೋನ್ ಮಾಡಬಹುದು. ಅಂಕಿಗಳು 1, 2, 3 ರೂಪದಲ್ಲೇ ಇರಲಿ. ೧, ೨, ೩ ಎಂದು ಬರೆದರೆ ಕೆಲವು ಫೋನ್‌ಗಳು ಅದನ್ನು ನಂಬರ್ ಎಂದು ಗುರುತಿಸದೇ ಇರಬಹುದು.

ಹಾಕುವ ಮೊದಲು ಒಬ್ಬರು ನಂಬರನ್ನು ಜೋರಾಗಿ ಓದಲಿ, ಇನ್ನೊಬ್ಬರು ಮೂಲ ಆದೇಶದ ಜೊತೆ ಹೋಲಿಸಲಿ. ಹೊಸ ಲೈನ್ ಶುರುವಾಗಿದ್ದರೆ, ನೀವು ಬರೆದ ಸಾಲಿನಲ್ಲಿರುವ ನಂಬರನ್ನೇ ಒತ್ತಿ ಮೊಬೈಲ್‌ನಿಂದ ಒಂದು ಕರೆ ಮಾಡಿ. ಆ ಕಡೆಯವರು 'ಸಹಾಯವಾಣಿ, ಹೇಳಿ' ಅಂದಮೇಲೆ ಕಳಿಸಿ.